ಕ್ರ್ಯಾಂಕ್ ಇಷ್ಟು ತಿರುಗಿದಾಗ ಪಿಸ್ಟನ್ ಎಲ್ಲಿರುತ್ತದೆ? ನಾನು ಲೆಕ್ಕ ಹಾಕಿ ಅಳೆದ ಬಗೆ

ನಮ್ಮ ಲ್ಯಾಬಿನಲ್ಲಿರುವುದು ಕಿರ್ಲೋಸ್ಕರ್ ಟಿವಿ1 ಡೀಸೆಲ್ ಎಂಜಿನ್. ಇದರ ಸ್ಟ್ರೋಕ್ 110 ಮಿ.ಮೀ., ಕನೆಕ್ಟಿಂಗ್ ರಾಡ್‌ನ ಉದ್ದ ಎರಡು ರಂಧ್ರಗಳ ಕೇಂದ್ರದಿಂದ ಕೇಂದ್ರಕ್ಕೆ 234 ಮಿ.ಮೀ. ಡೀಸೆಲ್ ಸಿಂಪಡಣೆ ಟಿಡಿಸಿಗೆ, ಅಂದರೆ ಪಿಸ್ಟನ್ ತಲುಪುವ ಮೇಲಿನ ತುದಿಗೆ, 23 ಡಿಗ್ರಿ ಮುಂಚೆ ಶುರುವಾಗಬೇಕು. ಫ್ಲೈವೀಲ್ ಮೇಲಿನ ಗುರುತುಗಳು ಅಳಿಸಿಹೋಗಿದ್ದವು. ಹೆಡ್ ಹೇಗೂ ಬಿಚ್ಚಿದ್ದರಿಂದ, ಆ 23 ಡಿಗ್ರಿಯಲ್ಲಿ ಪಿಸ್ಟನ್ ತುದಿಯಿಂದ ಎಷ್ಟು ಕೆಳಗಿರುತ್ತದೆ ಎಂದು ಲೆಕ್ಕ ಹಾಕಿ ಡಯಲ್ ಗೇಜ್‌ನಿಂದ ಹಿಡಿಯಲು ಹೊರಟೆ.

ಮೊದಲು ತ್ರಿಕೋನ ಬರೆದುಕೊಂಡೆ. ಕ್ರ್ಯಾಂಕ್‌ಶಾಫ್ಟ್‌ನ ಕೇಂದ್ರ, ರಾಡ್ ಕ್ರ್ಯಾಂಕ್‌ಗೆ ಸೇರುವ ಕ್ರ್ಯಾಂಕ್ ಪಿನ್, ರಾಡ್ ಪಿಸ್ಟನ್‌ಗೆ ಸೇರುವ ಗಜನ್ ಪಿನ್ ಇವು ಮೂರು ಮೂಲೆಗಳು. ಒಂದು ಬದಿ ಕ್ರ್ಯಾಂಕ್‌ನ ತ್ರಿಜ್ಯ r, ಅಂದರೆ ಸ್ಟ್ರೋಕ್‌ನ ಅರ್ಧ, 55. ಇನ್ನೊಂದು ಬದಿ ರಾಡ್ l, 234. ಮೂರನೆಯದು ಶಾಫ್ಟ್ ಕೇಂದ್ರದಿಂದ ಗಜನ್ ಪಿನ್‌ಗೆ ಇರುವ ದೂರ x. ನಮಗೆ ಬೇಕಾದದ್ದು ಇದೇ. ಗೊತ್ತಿರುವ ಕೋನ θ ಇರುವುದು r ಮತ್ತು x ನಡುವೆ, ಅದಕ್ಕೆ ಎದುರಿನ ಬದಿ ರಾಡ್. ಹಾಗಾಗಿ ಕೊಸೈನ್ ನಿಯಮ ನೇರವಾಗಿ ಕೂರುತ್ತದೆ:

```
l² = r² + x² − 2·r·x·cosθ
x  = r·cosθ + √(l² − r²·sin²θ)
s  = r + l − x
```

ಮೊದಲ ಸಾಲು x ಮೇಲಿನ ವರ್ಗ ಸಮೀಕರಣ. ಅದಕ್ಕೆ ಎರಡು ಉತ್ತರಗಳಿವೆ. ಮೈನಸ್ ಚಿಹ್ನೆಯದು ಪಿಸ್ಟನ್ ಅನ್ನು ಶಾಫ್ಟ್‌ನ ಕೆಳಗೆ ಕೂರಿಸುತ್ತದೆ, ಆದ್ದರಿಂದ ಅದನ್ನು ಬಿಟ್ಟೆ. s ಎಂದರೆ ಟಿಡಿಸಿಯಿಂದ ಪಿಸ್ಟನ್ ಇಳಿದ ದೂರ.

23 ಡಿಗ್ರಿ ಹಾಕಿದರೆ r·cosθ 50.63, ವರ್ಗಮೂಲ 233.01. ಕೂಡಿದರೆ x 283.64, 289ರಿಂದ ಕಳೆದರೆ s 5.36 ಮಿ.ಮೀ. ರಾಡ್ ಓರೆಯಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೀ r(1 − cosθ) ಬಳಸಿದ್ದರೆ 4.37 ಬರುತ್ತಿತ್ತು. ಒಂದು ಮಿ.ಮೀ. ತಾನೇ ಎನ್ನಬೇಡಿ: ಪಿಸ್ಟನ್ ಅನ್ನು 4.37ರಲ್ಲಿ ನಿಲ್ಲಿಸಿದರೆ ಕ್ರ್ಯಾಂಕ್ ನಿಜವಾಗಿ ಇರುವುದು 20.7 ಡಿಗ್ರಿಯಲ್ಲಿ. ಟೈಮಿಂಗ್ ಎರಡು ಡಿಗ್ರಿಗೂ ಹೆಚ್ಚು ತಡವಾಗುತ್ತದೆ.

ಎಲ್ಲಾ ಕೋನಗಳಿಗೂ ಬೇಕೆಂದು ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಬರೆದೆ, A2ನಲ್ಲಿ ಡಿಗ್ರಿ:

```
=55+234-(55*COS(RADIANS(A2))+SQRT(234^2-(55*SIN(RADIANS(A2)))^2))
```

0ಗೆ ಸೊನ್ನೆ, 180ಕ್ಕೆ 110 ಬರಲೇಬೇಕು. ಬರದಿದ್ದರೆ ಎಲ್ಲೋ RADIANS ಬಿಟ್ಟುಹೋಗಿದೆ. 90ಕ್ಕೆ ಬಂದದ್ದು 61.56. ವಿದ್ಯಾರ್ಥಿಗಳಿಗೆ ಇದು ನಂಬಲು ಕಷ್ಟ: ಕಾಲು ಸುತ್ತಿಗೆ ಅರ್ಧ ಸ್ಟ್ರೋಕ್, ಅಂದರೆ 55 ಇರಬೇಕಲ್ಲವೇ ಎನ್ನುತ್ತಾರೆ. ಅರ್ಧ ಸ್ಟ್ರೋಕ್‌ನಲ್ಲಿ x ಮತ್ತು l ಎರಡೂ 234 ಆಗಿ ತ್ರಿಕೋನ ಸಮದ್ವಿಬಾಹುವಾಗುತ್ತದೆ. ಆಗ cosθ = r/2l, ಕೋನ 83.25 ಡಿಗ್ರಿ. ಮೇಲಿನ ಅರ್ಧವನ್ನು ಪಿಸ್ಟನ್ ಬೇಗ ಮುಗಿಸಿ ಕೆಳಗಿನ ಅರ್ಧದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ.

ಕಷ್ಟವಿರುವುದು ಟಿಡಿಸಿಯನ್ನು ಹಿಡಿಯುವುದರಲ್ಲಿ. ಅದೇ ಸೂತ್ರಕ್ಕೆ 1 ಡಿಗ್ರಿ ಕೊಟ್ಟು ನೋಡಿ: ಪಿಸ್ಟನ್ ಇಳಿಯುವುದು ಕೇವಲ 0.01 ಮಿ.ಮೀ., ಡಯಲ್ ಗೇಜ್‌ನ ಒಂದು ಗೀಟು. ಮುಳ್ಳು ಎಲ್ಲಿ ಹಿಂತಿರುಗಿತು ಎಂದು ಕಣ್ಣಿಟ್ಟು ಕಾಯುವುದರಿಂದ ಕೆಲಸವಾಗದು. ಸೂತ್ರದಲ್ಲಿ θ ಬದಲು −θ ಹಾಕಿದರೂ s ಬದಲಾಗುವುದಿಲ್ಲ, ಅದನ್ನೇ ಬಳಸಿಕೊಂಡೆ. ಪಿಸ್ಟನ್ ಏರುವಾಗ ತುದಿಗಿಂತ 5 ಮಿ.ಮೀ. ಕೆಳಗೆ ಒಂದು ಗುರುತು, ಇಳಿಯುವಾಗ ಅದೇ 5 ಮಿ.ಮೀ.ಗೆ ಇನ್ನೊಂದು ಗುರುತು. ಫ್ಲೈವೀಲ್ ಅಂಚಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಇವೆರಡರ ನಟ್ಟನಡುವೆ ಟಿಡಿಸಿ. ಆ ಪಟ್ಟಿಯ ಪೂರ್ತಿ ಸುತ್ತಳತೆಯನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಉದ್ದ ಎಂಬುದೂ ಸಿಗುತ್ತದೆ.

ಗೇಜ್‌ನ ಮೊನೆ ಪಿಸ್ಟನ್‌ನ ತಲೆಯ ಮೇಲೆ ಎಲ್ಲೆಂದರಲ್ಲಿ ಕೂರಬಾರದು. ಪಿಸ್ಟನ್ ಗಜನ್ ಪಿನ್ ಮೇಲೆ ತುಸು ಓಲಾಡುತ್ತದೆ. ಪಿನ್‌ನ ನೇರಕ್ಕೆ ಮೇಲಿರುವ ಸಮತಟ್ಟು ಜಾಗದಲ್ಲಿ ಮೊನೆಯಿಟ್ಟರೆ ಆ ಓಲಾಟ ಓದಿಗೆ ಅಂಟುವುದಿಲ್ಲ. ಇನ್ನು ಬೇರಿಂಗ್‌ಗಳ ಸಡಿಲ. ಏರುವಾಗ ರಾಡ್ ಪಿಸ್ಟನ್ ಅನ್ನು ನೂಕುತ್ತದೆ, ಇಳಿಯುವಾಗ ಎಳೆಯುತ್ತದೆ, ಸಡಿಲ ಪಕ್ಕ ಬದಲಿಸುತ್ತದೆ. ಎರಡೂ ಸಲ ಪಿಸ್ಟನ್‌ನ ತಲೆಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದೇ ಓದಿಕೊಂಡೆ.

ಕೊನೆಗೆ ಪಿಸ್ಟನ್ ಅನ್ನು ಏರುಹಾದಿಯಲ್ಲಿ 5.36ಕ್ಕೆ ನಿಲ್ಲಿಸಿ, ಪಟ್ಟಿಯ ಮೇಲಿನ 23 ಡಿಗ್ರಿ ಗುರುತು ಸೂಚಕದ ಎದುರಿಗೆ ಬಂದಿದೆಯೇ ಎಂದು ನೋಡಿದೆ. ಬಂದಿತ್ತು. ಉಳಿ ಹಿಡಿದು ಫ್ಲೈವೀಲ್ ಮೇಲೆ ಗೀಟು ಹಾಕಿದ್ದು ಆಮೇಲೆಯೇ.

ಹಲವು ಕಾರು, ಬೈಕುಗಳ ಎಂಜಿನ್‌ಗಳಲ್ಲಿ ಗಜನ್ ಪಿನ್ ಅನ್ನು ಸಿಲಿಂಡರ್‌ನ ನಡುಗೆರೆಯಿಂದ ಬೇಕೆಂದೇ ಸ್ವಲ್ಪ ಪಕ್ಕಕ್ಕೆ ಇಟ್ಟಿರುತ್ತಾರೆ. ಅಲ್ಲಿ ವರ್ಗಮೂಲದೊಳಗಿನ r·sinθ ಜಾಗಕ್ಕೆ r·sinθ − e ಬರುತ್ತದೆ. ಇಲ್ಲಿ e ಎಂದರೆ ಆ ಸರಿದ ದೂರ. ಪಿಸ್ಟನ್ ತುದಿ ಮುಟ್ಟುವ ಕೋನವೂ ಸೊನ್ನೆಯಿಂದ ಸರಿಯುತ್ತದೆ. ನಮ್ಮ ಅಳತೆಗಳಲ್ಲಿ e 1 ಮಿ.ಮೀ. ಇದ್ದಿದ್ದರೆ ಸುಮಾರು 0.2 ಡಿಗ್ರಿ.