ಮಳೆನೀರು ಕೊಯ್ಲಿನ ವಿಡಿಯೊಗೆ ಕ್ಯಾಪ್ಶನ್: ಎಷ್ಟು ಲೀಟರ್ ಉಳಿಯಿತು ಎಂದು ಬರೆಯುವುದು ಹೇಗೆ?

ಮಳೆನೀರು ಕೊಯ್ಲು ಮಾಡಿಕೊಡುವ ಸಲಹೆಗಾರರು ‘ಮುಂಚೆ–ನಂತರ’ ವಿಡಿಯೊ ಹಾಕುವುದು ಈಗ ಮಾಮೂಲು. ಮುಂಚೆ ತಾರಸಿಯ ಪೈಪಿನಿಂದ ನೀರು ದಬದಬ ರಸ್ತೆಗೆ ಸುರಿಯುತ್ತಿರುತ್ತದೆ. ನಂತರ ಅದೇ ನೀರು ಫಿಲ್ಟರ್ ದಾಟಿ ಸಂಪಿಗೆ ಇಳಿಯುತ್ತದೆ. ವಿಡಿಯೊ ಚೆನ್ನಾಗಿಯೇ ಇರುತ್ತದೆ, ಎಡವುವುದು ಕ್ಯಾಪ್ಶನ್‌ನಲ್ಲಿ. ‘ವರ್ಷಕ್ಕೆ ಒಂದು ಲಕ್ಷ ಲೀಟರ್ ಉಳಿತಾಯ, ಇನ್ನು ಟ್ಯಾಂಕರ್ ಬೇಡವೇ ಬೇಡ’ ಎಂದು ಬರೆದರೆ, ಬರುವ ಮಾರ್ಚ್‌ನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುವಾಗ ಆ ಮನೆಯವರಿಗೆ ನಿಮ್ಮ ಮಾತು ನೆನಪಾಗುತ್ತದೆ.

ಹಾಗಾಗಿ ಬರೆಯುವ ಮುಂಚೆ ಲೆಕ್ಕ ಹಾಕಿ. ಬೆಂಗಳೂರಿನ 30x40 ಸೈಟಿನ ಒಂದು ಮನೆ ಎಂದುಕೊಳ್ಳೋಣ. ತಾರಸಿ 1,000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ಮನೆಯಲ್ಲಿ ನಾಲ್ಕು ಜನ, 5,000 ಲೀಟರ್ ಸಂಪು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ತಾರಸಿ ಹೀರಿದ್ದು, ಆರಿದ್ದು, ಸಿಡಿದದ್ದು ಕಳೆದು ಶೇ 80ರಷ್ಟು ಹಿಡಿದರೆ ವರ್ಷಕ್ಕೆ ಸುಮಾರು 72,000 ಲೀಟರ್.

ಇಲ್ಲಿಗೇ ನಿಲ್ಲಿಸಬೇಡಿ. ಇದು ಪೈಪಿನಲ್ಲಿ ಇಳಿಯುವ ನೀರು, ಮನೆಯವರು ಬಳಸುವ ನೀರಲ್ಲ. ಪ್ರತಿ ಮಳೆಯ ಮೊದಲ ನೀರು ಧೂಳು, ಎಲೆ, ಹಕ್ಕಿ ಹಿಕ್ಕೆ ಹೊತ್ತು ತರುತ್ತದೆ, ಅದನ್ನು ವಾಲ್ವ್ ತೆಗೆದು ಹೊರಗೆ ಬಿಡಬೇಕು. ಒಂದೇ ಸಂಜೆ 60 ಮಿ.ಮೀ. ಸುರಿದರೆ ಸುಮಾರು 4,400 ಲೀಟರ್ ಬರುತ್ತದೆ. ಸಂಪಿನಲ್ಲಿ ಆಗಲೇ ಅರ್ಧ ಕಾವೇರಿ ನೀರಿದ್ದರೆ ಬಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಉಕ್ಕಿ ಇಂಗುಗುಂಡಿಗೆ ಹೋಗುತ್ತದೆ. ಅದು ನೆಲಕ್ಕೆ ಒಳ್ಳೆಯದೇ, ಆದರೆ ಮನೆಯ ಉಳಿತಾಯಕ್ಕೆ ಸೇರಿಸಬಾರದು. ಇದನ್ನೆಲ್ಲ ಕಳೆದು ಮೂರರಲ್ಲಿ ಎರಡು ಪಾಲು ಕೈಗೆ ಸಿಗುತ್ತದೆ ಎಂದರೆ 48,000 ಲೀಟರ್. ನಾನಾದರೆ ‘45 ಸಾವಿರದ ಆಸುಪಾಸು, ಅಂದಾಜು’ ಎಂದು ಬರೆಯುತ್ತೇನೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಏಳೆಂಟು ಲೋಡು.

ಅಂದಾಜಿಗಿಂತ ಗಟ್ಟಿ ಸಾಕ್ಷಿ ಬೇಕಾದರೆ ಒಂದು ಮಳೆಯನ್ನು ಅಳೆದು ತೋರಿಸಿ. ಸಂಪಿನ ತಳ 2 ಮೀಟರ್ ಉದ್ದ, 1.5 ಮೀಟರ್ ಅಗಲ ಇದ್ದರೆ ನೀರು ಒಂದು ಸೆಂ.ಮೀ. ಏರಿತೆಂದರೆ 30 ಲೀಟರ್ ಬಂತು ಎಂದರ್ಥ. ಮಳೆಗೆ ಮುಂಚೆ ಒಂದು ಕೋಲು ಇಳಿಸಿ ಒದ್ದೆ ಗುರುತನ್ನು ವಿಡಿಯೊ ಮಾಡಿ. ಮಳೆ ನಿಂತ ಮೇಲೆ ಮತ್ತೆ ಇಳಿಸಿ. 20 ಮಿ.ಮೀ. ಮಳೆಗೆ ಗುರುತು ಹೆಚ್ಚುಕಮ್ಮಿ 50 ಸೆಂ.ಮೀ. ಮೇಲೇರಬೇಕು, ಅಂದರೆ 1,500 ಲೀಟರ್. ತುಂಬಾ ಕಡಿಮೆ ಏರಿದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ತಾರಸಿಯ ಒಂದು ಪೈಪು ಇನ್ನೂ ರಸ್ತೆಗೇ ಹೋಗುತ್ತಿದೆ. ಅಳೆಯುವಷ್ಟು ಹೊತ್ತು ಕಾವೇರಿ ವಾಲ್ವ್ ಮುಚ್ಚಿರಲಿ, ಮೋಟಾರ್ ಹಾಕಬೇಡಿ. ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ, ಅಲ್ವಾ?

ಇನ್ನು ಬರೆಯುವ ಕೆಲಸ. ಫೋನಿನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಅಳೆದ ಅಂಕಿ ಅಲ್ಲೇ ಬರಲಿ, ವರ್ಷದ ಅಂದಾಜು ಆಮೇಲೆ. ಆಗದೇ ಇರುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಮಾದರಿಗೆ ಹೀಗೆ:

‘ಒಂದೇ ಮಳೆ, ಸಂಪಿಗೆ 1,500 ಲೀಟರ್. ಮುಂಚೆ ಇದೆಲ್ಲ ರಸ್ತೆಗೆ ಹೋಗುತ್ತಿತ್ತು. 1,000 ಚದರ ಅಡಿ ತಾರಸಿ, 5,000 ಲೀಟರ್ ಸಂಪು, ನಾಲ್ಕು ಜನರ ಮನೆ. ಸರಾಸರಿ ಮಳೆಯಾದರೆ ವರ್ಷಕ್ಕೆ ಸುಮಾರು 45,000 ಲೀಟರ್ ಬಳಕೆಗೆ ಸಿಗಬಹುದು. ಜನವರಿಯಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ಆಗ ಬೇರೆ ನೀರು ಬೇಕೇ ಬೇಕು. ನಿಮ್ಮ ಮನೆ ನೋಡಲು ಶನಿವಾರ ಬೆಳಿಗ್ಗೆ ಬರುತ್ತೇವೆ. ಏರಿಯಾ, ತಾರಸಿ ಅಳತೆ, ಸಂಪು ಎಷ್ಟು ಲೀಟರ್, ಇಷ್ಟನ್ನು ಪೈಪಿನ ಒಂದು ಫೋಟೊ ಜೊತೆ ವಾಟ್ಸ್ಆ್ಯಪ್ ಮಾಡಿ. ಭೇಟಿ ಶುಲ್ಕ ಇಷ್ಟು, ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ.’

ಶುಲ್ಕದ ಜಾಗದಲ್ಲಿ ನಿಮ್ಮ ಮೊತ್ತ ಹಾಕಿ. ಉಚಿತವಾದರೆ ಉಚಿತ ಎನ್ನಿ, ಬಂದ ಮೇಲೆ ಕೇಳಬೇಡಿ. ‘ಸಂಪರ್ಕಿಸಿ’ ಎಂದಷ್ಟೇ ಬರೆದರೆ ‘ರೇಟ್ ಎಷ್ಟು?’ ಎಂಬ ಮೆಸೇಜುಗಳೇ ಜಾಸ್ತಿ ಬರುತ್ತವೆ. ಅಳತೆ, ಫೋಟೊ ಕೇಳಿದರೆ ನಿಜವಾಗಿ ಮಾಡಿಸುವವರು ಮುಂದೆ ಬರುತ್ತಾರೆ. ಫೋಟೊದಲ್ಲೇ ಅರ್ಧ ಕೆಲಸ ತಿಳಿಯುತ್ತದೆ. ತಾರಸಿಯ ಮೇಲೆ ಮರ ಬಾಗಿದ್ದರೆ ಎಲೆ ತಡೆಯುವ ಜಾಲರಿ ಬೇಕು. ಸಂಪು ಪೈಪಿಗೆ ದೂರವಿದ್ದರೆ ಅಂಗಳ ಅಗೆಯಬೇಕು, ಖರ್ಚೂ ಏರುತ್ತದೆ. ಬುಕಿಂಗ್ ಖಚಿತ ಮಾಡುವಾಗಲೇ ಇದನ್ನು ಮನೆಯವರಿಗೆ ಹೇಳಿ, ಸಂಪಿನ ಮುಚ್ಚಳ ತೆಗೆಯಲು ಜಾಗ ಬಿಡಿಸಿ ಇಡಲು ಕೇಳಿ. ವಿಡಿಯೊ ಹಾಕುವ ಮುಂಚೆ ಆ ಮನೆಯವರ ಒಪ್ಪಿಗೆ ಪಡೆಯಿರಿ, ಮನೆ ನಂಬರ್ ಕಾಣದಂತೆ ನೋಡಿಕೊಳ್ಳಿ. ಏಪ್ರಿಲ್ ಶುರುವಿನಲ್ಲೇ ಹಾಕಿದರೆ ಭೇಟಿ, ಪೈಪಿನ ಕೆಲಸ ಎಲ್ಲ ಮುಗಿದು ಜೂನ್ ಮಳೆಯ ಹೊತ್ತಿಗೆ ಸಂಪು ಸಿದ್ಧವಿರುತ್ತದೆ.