ಒಂದು ಬೋಗುಣಿ ಸಿಪ್ಪೆಗೆ ಎರಡು ಬೋಗುಣಿ ತರಗೆಲೆ

ಕಳೆದ ಜೂನ್‌ನಲ್ಲಿ ನಮ್ಮ ಗೊಬ್ಬರದ ಬಕೆಟ್ ಮುಚ್ಚಳ ತೆಗೆದರೆ ಮೂಗು ಹಿಡಿದುಕೊಳ್ಳಬೇಕಿತ್ತು. ಮಾವಿನ ಸಿಪ್ಪೆ, ಸೌತೆಕಾಯಿ ತಿರುಳು ಎಲ್ಲಾ ಸೇರಿ ಗೊಜ್ಜಾಗಿತ್ತು. ತಪ್ಪು ನನ್ನದೇ. ಎರಡು ವಾರ ಬರೀ ಸಿಪ್ಪೆ ಸುರಿದಿದ್ದೆ, ತರಗೆಲೆ ಹಾಕಿರಲಿಲ್ಲ.

ಸಿಪ್ಪೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಇನ್ನೊಂದು ವಿಷಯವೂ ಇದೆ. ಸಿಪ್ಪೆಯಲ್ಲಿ ಹೆಚ್ಚಿನ ಪಾಲು ನೀರೇ. ಆ ನೀರನ್ನು ಹೀರಿ, ನಡುವೆ ಗಾಳಿ ಆಡಲು ಜಾಗ ಬಿಡುವುದೂ ತರಗೆಲೆಯೇ. ಅದಕ್ಕೇ ಸಿಪ್ಪೆಯ ಎರಡರಷ್ಟು ತರಗೆಲೆ. ತೂಕ ಬೇಡ, ಬೋಗುಣಿ ಅಳತೆ ಸಾಕು.

20 ಲೀಟರ್ ಬಕೆಟ್‌ನ ತಳಕ್ಕೂ ಪಕ್ಕಕ್ಕೂ ತೂತು ಕೊರೆದು, ಎರಡು ಇಟ್ಟಿಗೆ ಮೇಲೆ ಇಡಿ. ತಳಕ್ಕೆ ನಾಲ್ಕು ಬೆರಳು ತರಗೆಲೆ ಹಾಸಿ. ಸಿಪ್ಪೆಯನ್ನು ಚಿಕ್ಕದಾಗಿ ಹೆಚ್ಚಿ ಒಂದು ಬೋಗುಣಿ ಹಾಕಿ. ಮೇಲೆ ಕೈಯಲ್ಲಿ ಪುಡಿ ಮಾಡಿದ ಎಲೆ ಎರಡು ಬೋಗುಣಿ, ಸಿಪ್ಪೆ ಒಂದೂ ಕಾಣದ ಹಾಗೆ. ಮೊದಲ ದಿನ ಒಂದು ಹಿಡಿ ಹಳೇ ಗೊಬ್ಬರ ಸೇರಿಸಿದರೆ ಕೆಲಸ ಬೇಗ ಶುರುವಾಗುತ್ತದೆ. ವಾರಕ್ಕೆರಡು ಸಲ ಕೋಲಿನಿಂದ ಅಡಿಮೇಲು ಮಾಡಿ. ಅನ್ನ, ಸಾರು, ಮಾಂಸ ಬೇಡ.

ಬೆಂಗಳೂರಿನಲ್ಲಿ ತರಗೆಲೆ ಧಾರಾಳವಾಗಿ ಸಿಗುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗಲೇ ಎರಡು ಗೋಣಿಚೀಲ ತುಂಬಿಡಿ. ಮುಗಿದರೆ ಹರಿದ ನ್ಯೂಸ್‌ಪೇಪರ್ ಅಥವಾ ಒಣ ಕೋಕೊಪೀಟ್ ಹಾಕಬಹುದು. ಮರದ ಹೊಟ್ಟಿನಲ್ಲಿ ಇಂಗಾಲ ತೀರಾ ಜಾಸ್ತಿ, ಒಂದು ಹಿಡಿ ಮೀರಬೇಡಿ.

ಅಳತೆ ಸರಿಯಿದೆಯಾ ಅಂತ ಕೈಯೇ ಹೇಳುತ್ತದೆ. ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಸುರಿದರೆ ಎಲೆ ಬೇಕು. ಹನಿಯೂ ಇಲ್ಲದೆ ವಾರಗಟ್ಟಲೆ ಹಾಗೇ ಕೂತಿದ್ದರೆ ಸಿಪ್ಪೆ ಹಾಕಿ, ನೀರು ಚಿಮುಕಿಸಿ. ಮೂತ್ರದಂಥ ಘಾಟು ಬಂದರೆ ಸಾರಜನಕ ಜಾಸ್ತಿಯಾಗಿದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ. ನಮ್ಮದು ಈ ಎರಡನೆಯದು. ಗೊಜ್ಜನ್ನು ಪೂರ್ತಿ ಟಬ್ಬಿಗೆ ಸುರಿದು, ಅಷ್ಟೇ ಪ್ರಮಾಣದ ಎಲೆ ಕಲಸಿ ಮತ್ತೆ ತುಂಬಿದೆ. ನಾಲ್ಕನೇ ದಿನಕ್ಕೆ ವಾಸನೆ ಹೋಯಿತು. ಮೂಗಿನ ಶಾಂತಿಗೆ ಅಷ್ಟು ದಿನ ಕಾದೆವು.

ಬಕೆಟ್ ತುಂಬಿದ ಮೇಲೆ ಹೊಸದೇನೂ ಹಾಕದೆ ಎರಡು ತಿಂಗಳು ಬಿಡಿ. ಕಪ್ಪಾಗಿ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನ ಇದ್ದರೆ ಒಂದು ಲೋಟದಲ್ಲಿ ಹಾಕಿ ಹತ್ತು ಮೆಂತ್ಯ ಕಾಳು ಬಿತ್ತಿ. ವಾರದಲ್ಲಿ ಎಂಟೊಂಬತ್ತು ಮೊಳೆತರೆ ಮಾಗಿದೆ. ಮಾಗದ ಗೊಬ್ಬರ ಹಾಕಿದರೆ ಅದು ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಗಿಡ ಹಳದಿಯಾಗಬಹುದು.

ಜರಡಿ ಹಿಡಿದು, ತರಕಾರಿ ಮಡಿ ಮೇಲೆ ಎರಡು ಬೆರಳು ದಪ್ಪ ಹರಡಿ, ಮೇಲ್ಮಣ್ಣಿಗೆ ಬೆರೆಸಿ. ಇಷ್ಟು ಚಿಕ್ಕ ಬಕೆಟ್‌ನಲ್ಲಿ ಬೀಜ ಸಾಯುವಷ್ಟು ಕಾವು ಏರುವುದಿಲ್ಲ. ಹಾಗಾಗಿ ನಮ್ಮ ಬದನೆ ಮಡಿಯಲ್ಲಿ ಈಗ ಯಾರೂ ಬಿತ್ತದ ಆರು ಟೊಮೆಟೊ ಸಸಿ ಎದ್ದಿವೆ. ಕಿತ್ತಿಲ್ಲ.