ಕಪಾಟಿನ ಬಾಗಿಲು ಮುಚ್ಚಿದರೂ ನಿಲ್ಲುತ್ತಿಲ್ಲವೇ? ಹೊಸ ಮ್ಯಾಗ್ನೆಟ್ ತರುವ ಮುಂಚೆ ಹೀಗೆ ನೋಡಿ

ಅಡುಗೆಮನೆ ಕಪಾಟಿನ ಬಾಗಿಲನ್ನು ತಳ್ಳಿದರೆ ಮುಚ್ಚುತ್ತದೆ, ಕೈ ತೆಗೆದರೆ ಬೆರಳು ತೂರುವಷ್ಟು ಮತ್ತೆ ತೆರೆದುಕೊಳ್ಳುತ್ತದೆ. ಮ್ಯಾಗ್ನೆಟ್ ವೀಕ್ ಆಗಿದೆ ಅಂತ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಕ್ಯಾಚರ್ ತಂದು, ಅದೇ ತೂತುಗಳಿಗೆ ಕೂರಿಸುವವರೇ ಜಾಸ್ತಿ. ಅದೂ ಹಿಡಿಯುವುದಿಲ್ಲ. ಇವುಗಳಲ್ಲಿ ಸಾಮಾನ್ಯವಾಗಿ ಇರುವ ಕಪ್ಪು ಫೆರೈಟ್ ಮ್ಯಾಗ್ನೆಟ್ ಮನೆಬಳಕೆಯಲ್ಲಿ ಅಷ್ಟು ಸುಲಭಕ್ಕೆ ಶಕ್ತಿ ಕಳೆದುಕೊಳ್ಳುವುದಿಲ್ಲ. ಹೆಚ್ಚಿನ ಸಲ ಕೆಟ್ಟಿರುವುದು ಮ್ಯಾಗ್ನೆಟ್ಟೂ ಬಾಗಿಲಿನ ತಗಡೂ ಸೇರುವ ಜಾಗ.

ಮೊದಲು ಬಾಗಿಲಿನ ತಗಡನ್ನು ಬಿಚ್ಚಿ, ಕೈಯಲ್ಲೇ ಮ್ಯಾಗ್ನೆಟ್‌ಗೆ ಅಂಟಿಸಿ. ಟಕ್ ಎಂದು ಹಿಡಿದು, ಕೀಳಲು ಸ್ವಲ್ಪ ಬಲ ಬೇಕಾದರೆ ಮ್ಯಾಗ್ನೆಟ್ ಚೆನ್ನಾಗಿಯೇ ಇದೆ. ಸುಲಭವಾಗಿ ಬಿಟ್ಟುಕೊಂಡರೆ ಅದರ ಮುಖವನ್ನು ಹತ್ತಿರದಿಂದ ನೋಡಿ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮ್ಯಾಗ್ನೆಟ್‌ನ ಎರಡೂ ಪಕ್ಕದಲ್ಲಿ ಒಂದೊಂದು ಕಬ್ಬಿಣದ ಪಟ್ಟಿ ಇರುತ್ತದೆ. ತಗಡನ್ನು ಹಿಡಿಯುವುದು ಈ ಎರಡು ಪಟ್ಟಿಗಳ ಅಂಚು. ಒಂದು ಒಳಗೆ ಸರಿದಿದ್ದರೂ, ಅಂಚಿನ ಮೇಲೆ ಒಗ್ಗರಣೆಯ ಜಿಡ್ಡೋ ಪೇಂಟೋ ಕೂತಿದ್ದರೂ ಹಿಡಿತ ಅರ್ಧಕ್ಕಿಂತ ಕಡಿಮೆಯಾಗಬಹುದು. ಜಿಡ್ಡನ್ನು ಪಾತ್ರೆ ತೊಳೆಯುವ ಸೋಪು ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ, ಪೇಂಟನ್ನು ಕೆರೆದು ತೆಗೆಯಿರಿ. ಮ್ಯಾಗ್ನೆಟ್ ಒಡೆದಿದ್ದರೆ ಮಾತ್ರ ಹೊಸದು ತನ್ನಿ.

ಮ್ಯಾಗ್ನೆಟ್ ಸರಿಯಿದ್ದರೆ ಅದು ತಗಡಿನ ಎಲ್ಲಿಗೆ ತಾಗುತ್ತಿದೆ ಎಂದು ಕಂಡುಹಿಡಿಯಬೇಕು. ಇದಕ್ಕೆ ದೇವರಮನೆಯ ಕುಂಕುಮ ಸಾಕು. ತಗಡನ್ನು ವಾಪಸ್ ಹಾಕಿ, ಮ್ಯಾಗ್ನೆಟ್‌ನ ಅಂಚಿಗೆ ಒದ್ದೆ ಕುಂಕುಮ ತೆಳ್ಳಗೆ ಸವರಿ, ಬಾಗಿಲು ಒಮ್ಮೆ ಮುಚ್ಚಿ ತೆರೆಯಿರಿ. ತಗಡಿನ ನಡುವೆ ಎರಡು ಗೆರೆ ಬಿದ್ದರೆ ಸರಿ. ಏನೂ ಬೀಳದಿದ್ದರೆ ನಡುವೆ ಸಂದಿಯಿದೆ ಎಂದರ್ಥ.

ಸಿಂಕ್ ಕೆಳಗಿನ ಕಪಾಟನ್ನೇ ತೆಗೆದುಕೊಳ್ಳಿ. ಕ್ಯಾಚರ್ ಮೇಲಿನ ಹಲಗೆಯ ಅಡಿಯಲ್ಲಿದೆ. ಕುಂಕುಮದ ಒಂದೇ ಗೆರೆ, ಅದೂ ತಗಡಿನ ಮೇಲಂಚಿನಲ್ಲಿ ಬಿದ್ದಿದೆ. ಅಂದರೆ ಬಾಗಿಲು ಮೂರ್ನಾಲ್ಕು ಮಿಲಿಮೀಟರ್ ಕೆಳಗಿಳಿದಿದೆ. ಈಗಲೇ ತಗಡು ಸರಿಸಲು ಹೋಗಬೇಡಿ. ಹ್ಯಾಂಡಲ್ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿ. ಅಲ್ಲಾಡಿದರೆ ಮೇಲಿನ ಹಿಂಜ್‌ನ ಸ್ಕ್ರೂ ಸಡಿಲವಾಗಿದೆ. ನೀರು ತಾಗುವ ಪ್ಲೈವುಡ್‌ನಲ್ಲಿ ಇದು ಮಾಮೂಲು. ಸ್ಕ್ರೂ ತೆಗೆದು, ಮದ್ದಿನ ತುದಿ ಮುರಿದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುರುಕಿ. ರಾತ್ರಿಯಿಡೀ ಒಣಗಿದ ಮೇಲೆ ಹೊರಗೆ ಉಳಿದದ್ದನ್ನು ಕತ್ತರಿಸಿ ಸ್ಕ್ರೂ ಹಾಕಿ. ಎಷ್ಟೋ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ.

ಹಿಂಜ್ ಗಟ್ಟಿಯಿದ್ದೂ ಗೆರೆ ಪಕ್ಕಕ್ಕೆ ಬಿದ್ದರೆ ಆಗ ತಗಡು ಸರಿಸಿ. ಅದನ್ನು ಬಿಚ್ಚಿ, ಬಾಗಿಲಿಗೆ ಕೂರುವ ಮೈ ನಿಮ್ಮ ಕಡೆ ಬರುವಂತೆ ಮ್ಯಾಗ್ನೆಟ್‌ನ ನಟ್ಟನಡುವೆ ಅಂಟಿಸಿ. ಆ ಮೈಯಲ್ಲಿ ಸ್ಕ್ರೂ ತೂತಿನ ಸುತ್ತ ಕುಂಕುಮ ಹಚ್ಚಿ ಬಾಗಿಲು ಒತ್ತಿ ಮುಚ್ಚಿದರೆ ಹೊಸ ಜಾಗ ತಾನಾಗೇ ಮೂಡುತ್ತದೆ. ಅಳತೆಪಟ್ಟಿಗಿಂತ ಇದೇ ನಂಬಿಕಸ್ಥ. ಹೊಸ ತೂತು ಹಳೆಯದಕ್ಕೆ ತೀರಾ ಹತ್ತಿರವಿದ್ದರೆ ಸ್ಕ್ರೂ ಹಳೆಯದಕ್ಕೇ ಜಾರುತ್ತದೆ. ಹಾಗಾಗಿ ಅದನ್ನು ಮೊದಲು ಕಡ್ಡಿ ಹಾಕಿ ಮುಚ್ಚಿ. 18 ಮಿಲಿಮೀಟರ್ ಪ್ಲೈಗೆ ಅರ್ಧ ಇಂಚಿನ ಸ್ಕ್ರೂ ಸಾಕು, ಉದ್ದದ್ದು ಹಾಕಿದರೆ ಬಾಗಿಲಿನ ಆಚೆ ಮೈಕಾ ಒಡೆದು ಹೊರಬರುತ್ತದೆ.

ಇಲ್ಲೇ ಬಡಗಿಗಳೂ ಎಡವುವುದುಂಟು. ಒಂದೇ ಸ್ಕ್ರೂ ಇರುವ ತಗಡನ್ನು ಪೂರ್ತಿ ಬಿಗಿ ಮಾಡಬಾರದು. ಬೆರಳಲ್ಲಿ ಒತ್ತಿದರೆ ಸ್ವಲ್ಪ ಹೊರಳಾಡುವಂತಿರಬೇಕು. ಆಗ ಬಾಗಿಲು ಕೊಂಚ ಓರೆಯಿದ್ದರೂ ತಗಡು ತಾನೇ ತಿರುಗಿ ಎರಡೂ ಪಟ್ಟಿಗೆ ಒರಗಿಕೊಳ್ಳುತ್ತದೆ. ಬಿಗಿದಿಟ್ಟರೆ ಒಂದೇ ಅಂಚು ತಾಗುತ್ತದೆ. ಸ್ಕ್ರೂ ತಲೆ ಮಾತ್ರ ತಗಡಿನ ಗುಳಿಯೊಳಗೇ ಇರಲಿ, ಅದು ಉಬ್ಬಿದರೆ ತಗಡೇ ತಾಗುವುದಿಲ್ಲ.

ಇನ್ನು ಸಂದಿ. ಒಂದು ಮಿಲಿಮೀಟರ್ ದೂರವಿದ್ದರೂ ಮ್ಯಾಗ್ನೆಟ್‌ನ ಸೆಳೆತ ತುಂಬಾ ಇಳಿದುಬಿಡುತ್ತದೆ. ಕ್ಯಾಚರ್‌ನ ಸ್ಕ್ರೂ ತೂತು ಉದ್ದಕ್ಕಿರುವುದು ಇದಕ್ಕೇ. ಸ್ಕ್ರೂ ಸಡಿಲಿಸಿ, ಕ್ಯಾಚರನ್ನು ಮುಂದಕ್ಕೆ ಎಳೆದು, ಬಾಗಿಲನ್ನು ಮುಚ್ಚಬೇಕಾದಷ್ಟು ಮುಚ್ಚಿ. ಬಾಗಿಲೇ ಅದನ್ನು ಸರಿಯಾದ ಜಾಗಕ್ಕೆ ತಳ್ಳುತ್ತದೆ. ಮೆಲ್ಲಗೆ ತೆರೆದು, ಕ್ಯಾಚರ್ ಕದಲದಂತೆ ಹಿಡಿದು ಬಿಗಿ ಮಾಡಿ. ನಡುವೆ ಪೇಪರ್ ತುಂಡು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ತಡೆದು ತಡೆದು ಬಂದರೆ ಸರಿಯಾಗಿ ಕೂತಿದೆ. ಇನ್ನೂ ಸಂದಿ ಉಳಿದರೆ ತಗಡಿನ ಹಿಂದೆ ಮೈಕಾ ಚೂರೊಂದನ್ನು ಕೊಡಿ. ತೀರಾ ಮುಂದಕ್ಕೆ ತಂದರೂ ಕಷ್ಟ, ಬಾಗಿಲು ಪ್ರತಿ ಸಲ ಕ್ಯಾಚರ್‌ಗೆ ಬಡಿದು ಅದರ ಸ್ಕ್ರೂಗಳೇ ಕಿತ್ತುಬರುತ್ತವೆ.

ಮಳೆಗಾಲದಲ್ಲಿ ಬಾಗಿಲು ಸೊಟ್ಟಗಾಗಿ ಮೇಲೆ ಹಿಡಿದು ಕೆಳಗೆ ಬಾಯಿ ಬಿಟ್ಟರೆ ಈ ಯಾವುದೂ ನಡೆಯುವುದಿಲ್ಲ. ಬಿಟ್ಟುಕೊಂಡ ಮೂಲೆಗೆ ಇನ್ನೊಂದು ಕ್ಯಾಚರ್ ಹಾಕಿಸಿ.